ಅಜ್ಜಿ ಇರುವ ಗ್ರೂಪು, ಅಜ್ಜಿ ಇಲ್ಲದ ಗ್ರೂಪು

ಕಿವಿ ಮಿಷಿನ್ ಕ್ಲಿನಿಕ್‌ಗೆ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನಾನು ಮೊದಲ ದಿನ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯವರದ್ದು ಎಷ್ಟು ವಾಟ್ಸ್‌ಆ್ಯಪ್ ಗ್ರೂಪ್ ಇದೆ? ಹೆಚ್ಚಿನವರು ಥಟ್ಟನೆ ಒಂದು ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ಎರಡು ಎಂದು ತಿದ್ದಿಕೊಳ್ಳುತ್ತಾರೆ. ಮೊದಲನೆಯದರಲ್ಲಿ ಎಲ್ಲರೂ ಇರುತ್ತಾರೆ. ತಾತ ಬೆಳಗ್ಗೆ ಐದೂವರೆಗೆ ಗುಲಾಬಿ ಹೂವಿನ ಶುಭೋದಯ ಹಾಕುವುದು, ಅಜ್ಜಿ ಮೊಮ್ಮಗನ ಫೋಟೊಗೆ ಕೈಮುಗಿಯುವ ಗುರುತು ಒತ್ತುವುದು ಇದರಲ್ಲೇ. ಎರಡನೆಯದರಲ್ಲಿ ಅಕ್ಕ ತಮ್ಮಂದಿರು, ಸೊಸೆ ಅಳಿಯಂದಿರು ಮಾತ್ರ ಇರುತ್ತಾರೆ. ಅಪ್ಪನ ಶುಗರ್ ರಿಪೋರ್ಟ್, ಅಮ್ಮನ ಮಂಡಿ ಆಪರೇಷನ್ನಿನ ಖರ್ಚು, ಈ ತಿಂಗಳು ಅವರನ್ನು ಡಾಕ್ಟರ ಬಳಿ ಕರೆದೊಯ್ಯುವವರು ಯಾರು ಎಂಬ ಮಾತೆಲ್ಲ ಅಲ್ಲಿ ನಡೆಯುತ್ತದೆ.

ನಮ್ಮ ಕೆಲಸ ಈ ಎರಡು ಗ್ರೂಪುಗಳ ನಡುವೆ ಇದೆ. ಅಜ್ಜಿ ತಾತಂದಿರ ಕಿವಿಯ ವಿಷಯ ಮೊದಲು ಏಳುವುದು ಅವರಿಲ್ಲದ ಗ್ರೂಪಿನಲ್ಲಿ. ಅವರು ಪರೀಕ್ಷೆಗೆ ಬರಲು ಒಪ್ಪುವುದು ಅವರಿರುವ ಗ್ರೂಪಿನಲ್ಲಿ ಮಾತು ಹೇಗೆ ಬಂತು ಎನ್ನುವುದರ ಮೇಲೆ. ಒಂದೇ ಸಂದೇಶದಿಂದ ಎರಡೂ ಕೆಲಸ ಆಗುವುದಿಲ್ಲ. ಇದೊಂದು ಸಂಗತಿ ಮನಸ್ಸಿಗೆ ಹತ್ತಿದರೆ ಈ ಪಾಠದ ಮುಕ್ಕಾಲು ಪಾಲು ಬಂದಂತೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಕ್ಲಿನಿಕ್ಕನ್ನು ಕಣ್ಣ ಮುಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಮಕ್ಕಳಿಗೇ ಏಕೆ ಬರೆಯಬೇಕು

ಹಲ್ಲು ನೋವು ಬಂದವರು ತಾವಾಗಿಯೇ ಡಾಕ್ಟರನ್ನು ಹುಡುಕುತ್ತಾರೆ. ವಯಸ್ಸಿನಿಂದ ಕಿವಿ ಮಂದವಾದವರು ಹಾಗೆ ಹುಡುಕುವುದಿಲ್ಲ. ಅದನ್ನು ಹಟ ಎಂದು ತಿಳಿಯಬೇಡಿ. ಕೇಳಿಸುವುದು ಕಡಿಮೆಯಾಗಿದೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸಿರುವುದಿಲ್ಲ. ಇದರ ಕಾರಣ ಗೊತ್ತಿಲ್ಲದೆ ಸಂದೇಶ ಬರೆಯಲು ಕೂತರೆ ಮೊದಲ ಸಾಲೇ ತಪ್ಪುತ್ತದೆ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳು ಸದ್ದುಗಳನ್ನು, ಅಂದರೆ ಹೆಚ್ಚಿನ ಕಂಪನಾಂಕದವನ್ನು. ದಪ್ಪ ಸದ್ದುಗಳು ಬಹಳ ಕಾಲ ಉಳಿದಿರುತ್ತವೆ. ಮಾತಿನಲ್ಲಿ ಆ, ಓ, ಊ ಮೊದಲಾದ ಸ್ವರಗಳು ದಪ್ಪ, ಬಲವೂ ಹೆಚ್ಚು. ಸ, ಶ, ತ, ಪ, ಹ ಥರದ ವ್ಯಂಜನಗಳು ತೆಳು, ಬಲವೂ ಕಡಿಮೆ. ಈಗ ನಾಲ್ಕು ಪದಗಳನ್ನು ಹೇಳಿ ನೋಡಿ: ಹಾಲು, ಸಾಲು, ಪಾಲು, ಕಾಲು. ನಾಲ್ಕರಲ್ಲೂ ‘ಆಲು’ ಇದೆ. ಬೇರೆಯಾಗಿರುವುದು ಮೊದಲ ವ್ಯಂಜನ ಮಾತ್ರ. ಆ ವ್ಯಂಜನ ಕಿವಿಗೆ ಬೀಳದವರಿಗೆ ನಾಲ್ಕೂ ಒಂದೇ. ಸೊಸೆ ಅಡುಗೆಮನೆಯಿಂದ “ಹಾಲು ತನ್ನಿ” ಅಂದಾಗ ತಾತನಿಗೆ ದನಿ ಪೂರ್ತಿ ಕೇಳಿಸಿದೆ, ಯಾರು ಕರೆದರು ಎಂದೂ ಗೊತ್ತಾಗಿದೆ. ಏನನ್ನು ತರಬೇಕು ಎನ್ನುವುದು ಮಾತ್ರ ತಿಳಿದಿಲ್ಲ. “ನಂಗೆ ಕಿವಿ ಕೇಳಿಸುತ್ತೆ, ನೀವೇ ಸರಿಯಾಗಿ ಮಾತಾಡಲ್ಲ, ಗೊಣಗ್ತೀರಿ” ಎಂದು ಅವರು ಹೇಳಿದರೆ ತಮ್ಮ ಅನುಭವವನ್ನೇ ಹೇಳುತ್ತಿದ್ದಾರೆ, ಸುಳ್ಳಲ್ಲ.

ಪಶ್ಚಿಮ ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ರಾಜಾಜಿನಗರ 1949ರಲ್ಲಿ ಕೈಗಾರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಬಡಾವಣೆ. ಅಲ್ಲಿನ ಕಾರ್ಖಾನೆಗಳಲ್ಲಿ, ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ, ಪೀಣ್ಯದಲ್ಲಿ ಲೇತ್ ಮತ್ತು ಪವರ್ ಪ್ರೆಸ್ಸಿನ ಪಕ್ಕ ಮೂವತ್ತು ವರ್ಷ ನಿಂತು ದುಡಿದವರು ಈಗ ತಾತಂದಿರು. ಯಂತ್ರದ ಗದ್ದಲ ಕಿವಿಯ ಒಳಗೆ ಮೊದಲು ಕೆಡಿಸುವುದು 4000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಡಿಯುವ ಭಾಗವನ್ನು. ವ್ಯಂಜನಗಳಿಗೆ ಬೇಕಾದ ಭಾಗವೂ ಅದೇ. ಅದರ ಮೇಲೆ ವಯಸ್ಸಿನ ಮಂದತನ ಬಂದು ಕೂಡಿದಾಗ ಅವರಿಗೆ ಹೊಸದಾಗಿ ಏನೋ ಆದಂತೆ ಅನ್ನಿಸುವುದೇ ಇಲ್ಲ.

ಹೀಗಾಗಿ ಒಂದು ಮನೆಯಲ್ಲಿ ಕಡಿಮೆ ಕೇಳಿಸುವವರು ಒಬ್ಬರು, ಅದನ್ನು ಗುರುತಿಸುವವರು ಇನ್ನೊಬ್ಬರು. ಗುರುತಿಸುವುದು ಮಕ್ಕಳು, ಅದರಲ್ಲೂ ಆಗಾಗ ಬಂದು ಹೋಗುವವರು. ಜೊತೆಯಲ್ಲೇ ಇರುವ ಮಗನಿಗೆ ಟಿ.ವಿ. ಸದ್ದು ದಿನಕ್ಕೊಂದು ಚೂರು ಏರಿದ್ದು ಗೊತ್ತಾಗುವುದಿಲ್ಲ. ಡಿಸೆಂಬರ್ ರಜೆಗೆ ಅಮೆರಿಕದಿಂದ ಬಂದ ಮಗಳಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಅವಳು ಆ ರಾತ್ರಿಯೇ ಅಕ್ಕ ತಮ್ಮಂದಿರ ಗ್ರೂಪಿನಲ್ಲಿ “ಅಪ್ಪಂಗೆ ಕಿವಿ ತೋರಿಸ್ಬೇಕಲ್ವಾ?” ಎಂದು ಹಾಕುತ್ತಾಳೆ. ನಮ್ಮ ಸಂದೇಶ ಆ ಹೊತ್ತಿಗೆ ಅವಳ ಕೈಯಲ್ಲಿರಬೇಕು. ಯುಗಾದಿ, ಗೌರಿ ಗಣೇಶ, ದೀಪಾವಳಿ ಮುಗಿದ ಎರಡು ಮೂರು ದಿನ ಇದಕ್ಕೆ ಒಳ್ಳೆಯ ಕಾಲ. ಎಲ್ಲರೂ ಒಂದೇ ಮನೆಯಲ್ಲಿ ಸೇರಿ, ಹತ್ತು ಜನ ಒಟ್ಟಿಗೆ ಮಾತಾಡಿ, ತಾತ ಮೂಲೆಯಲ್ಲಿ ಸುಮ್ಮನೆ ನಗುತ್ತ ಕೂತಿದ್ದನ್ನು ಎಲ್ಲರೂ ಆಗಷ್ಟೇ ನೋಡಿರುತ್ತಾರೆ.

ಸಂದೇಶ ಮನೆಯೊಳಗೆ ಹೋಗುವ ದಾರಿ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಸಿಕ್ಕ ನಂಬರುಗಳನ್ನೆಲ್ಲ ಸೇರಿಸಿ ಕ್ಲಿನಿಕ್ಕಿನದೇ ಒಂದು ಗ್ರೂಪ್ ಕಟ್ಟುವುದು. ಅದನ್ನು ಮಾಡಬೇಡಿ. ಗ್ರೂಪಿಗೆ ಬಂದವರೆಲ್ಲರಿಗೂ ಉಳಿದವರ ನಂಬರು ಕಾಣುತ್ತದೆ, ಯಾರ ಮನೆಯಲ್ಲಿ ಕಿವಿಯ ತೊಂದರೆ ಇದೆ ಎನ್ನುವುದೂ ತಿಳಿಯುತ್ತದೆ. ಒಬ್ಬರ ಆರೋಗ್ಯದ ವಿಷಯವನ್ನು ಬೀದಿಗೆ ಹಾಕಿದ ಹಾಗೆ ಅದು. ಹಾಗೆಯೇ, ಯಾರದೋ ಕುಟುಂಬದ ಗ್ರೂಪಿಗೆ ಕ್ಲಿನಿಕ್ಕಿನ ನಂಬರನ್ನು ಸೇರಿಸಿಕೊಳ್ಳಲು ಕೇಳುವುದೂ ಬೇಡ.

ಸರಿಯಾದ ದಾರಿ ಒಬ್ಬ ಮಗ ಅಥವಾ ಒಬ್ಬ ಮಗಳ ಮೂಲಕ ಹೋಗುತ್ತದೆ. ಈಗಾಗಲೇ ಪರೀಕ್ಷೆಗೆ ಬಂದವರ ಚೀಟಿಯಲ್ಲಿ ಒಂದು ಸಾಲು ಸೇರಿಸಿ: “ಕಿವಿಯ ಬಗ್ಗೆ ಮಾಹಿತಿಯನ್ನು ಮನೆಯಲ್ಲಿ ಯಾರ ನಂಬರಿಗೆ ಕಳಿಸಬಹುದು?” ಹಿರಿಯರನ್ನೇ ಕೇಳಿ ಬರೆದುಕೊಳ್ಳಿ. ನಂಬರಿನ ಯಜಮಾನರ ಒಪ್ಪಿಗೆಯನ್ನೂ ಪಡೆಯಿರಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾನೂನು ಇದೆ. ಕೇಳದೆ ನಂಬರು ಬಳಸುವುದು ಸಭ್ಯತೆಗೂ ಅದಕ್ಕೂ ಹೊಂದುವುದಿಲ್ಲ.

ಹೀಗೆ ಒಪ್ಪಿದವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದರೆ ಪ್ರತಿಯೊಬ್ಬರಿಗೂ ಅದು ಬಿಡಿ ಸಂದೇಶವಾಗಿಯೇ ತಲುಪುತ್ತದೆ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಇರಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ಹೋಗುವುದೇ ಇಲ್ಲ. ಇನ್ನೂರು ಜನರಿಗೆ ಕಳಿಸಿದೆವು, ಯಾರೂ ಉತ್ತರಿಸಲಿಲ್ಲ ಎಂದು ಕೊರಗುವವರು ಮೊದಲು ನೋಡಬೇಕಾದ್ದು ಇದನ್ನು. ಪರೀಕ್ಷೆ ಮುಗಿದು ಹೊರಡುವಾಗಲೇ “ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ” ಎಂದು ಕೌಂಟರಿನಲ್ಲಿ ಹೇಳಿ.

ಸಂದೇಶದ ಕೊನೆಗೆ ಒತ್ತಿದರೆ ನೇರ ನಿಮಗೇ ಬರೆಯುವ ಕೊಂಡಿ ಇರಲಿ. ಅದರ ರೂಪ ಹೀಗೆ:

```
https://wa.me/91XXXXXXXXXX?text=Kivi%20pareekshe%20Ugadi
```

X ಇರುವ ಜಾಗದಲ್ಲಿ ಕ್ಲಿನಿಕ್ಕಿನ ಹತ್ತು ಅಂಕಿಯ ನಂಬರು. ಕೂಡಿಸುವ ಗುರುತಾಗಲಿ ಸೊನ್ನೆಯಾಗಲಿ ಮುಂದೆ ಬೇಡ. ಒತ್ತಿದವರ ಫೋನಿನಲ್ಲಿ “Kivi pareekshe Ugadi” ಎಂಬ ಮಾತು ಮೊದಲೇ ಟೈಪ್ ಆಗಿ ನಿಂತಿರುತ್ತದೆ, ಅವರು ಕಳಿಸುವ ಗುಂಡಿ ಒತ್ತಿದರೆ ಸಾಕು. ಕೊನೆಯ ಪದವನ್ನು ಹಬ್ಬಕ್ಕೊಂದರಂತೆ ಬದಲಿಸಿದರೆ ಯಾವ ಸಂದೇಶ ಕೆಲಸ ಮಾಡಿತು ಎಂದು ನಿಮಗೆ ತಿಳಿಯುತ್ತದೆ.

‘ಎಲ್ಲ ಗ್ರೂಪ್‌ಗಳಿಗೂ ಕಳಿಸಿ’ ಎಂದು ಬರೆಯುವ ಆಸೆಯನ್ನು ಬಿಟ್ಟುಬಿಡಿ. 2018ರಿಂದ ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಆಗುವುದಿಲ್ಲ. ಕೈಯಿಂದ ಕೈಗೆ ಐದು ಸಲ ದಾಟಿದ ಸಂದೇಶಕ್ಕೆ ಎರಡು ಬಾಣದ ಗುರುತೂ Forwarded many times ಎಂಬ ಬರಹವೂ ಅಂಟಿಕೊಳ್ಳುತ್ತವೆ, 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಆ ಗುರುತು ಕಂಡ ಕೂಡಲೇ ಮನೆಮದ್ದಿನ ಪುಕಾರುಗಳ ರಾಶಿಗೆ ಅದನ್ನೂ ಸೇರಿಸಿಬಿಡುತ್ತಾರೆ. ನಮಗೆ ಬೇಕಾಗಿರುವುದು ಒಬ್ಬ ಮಗಳು ಓದಿ, ತನ್ನ ಅಣ್ಣನಿಗೆ ಕಳಿಸಿ, ಆಮೇಲೆ ತನ್ನದೇ ಮಾತಿನಲ್ಲಿ ಅಪ್ಪನಿಗೆ ಹೇಳುವುದು. ಅಷ್ಟು ದೂರ ಹೋದರೆ ಸಾಕು.

ಮೊದಲ ಸಂದೇಶ: ಅಜ್ಜಿ ಇಲ್ಲದ ಗ್ರೂಪಿಗೆ

ಮೊದಲು ಹೇಗೆ ಬರೆಯಬಾರದು ಎಂದು ನೋಡೋಣ. ಇಂಥದ್ದು ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ:

“ನಿಮ್ಮ ಮನೆಯ ಹಿರಿಯರು ಕಿವುಡರೇ? ನಿರ್ಲಕ್ಷಿಸಿದರೆ ಮರೆವಿನ ಕಾಯಿಲೆ ಖಚಿತ! ಅತ್ಯಾಧುನಿಕ ಡಿಜಿಟಲ್ ಮಿಷಿನ್ ಮೇಲೆ ಶೇ 50 ರಿಯಾಯಿತಿ. ಕಿವುಡುತನಕ್ಕೆ ಸಂಪೂರ್ಣ ಪರಿಹಾರ. ಇಂದೇ ಕರೆ ಮಾಡಿ.”

ಇದರಲ್ಲಿ ನಾಲ್ಕು ತಪ್ಪುಗಳಿವೆ. ‘ಕಿವುಡ’ ಎನ್ನುವುದು ನಮ್ಮಲ್ಲಿ ಬೈಗುಳವಾಗಿಯೂ ಬಳಕೆಯಲ್ಲಿರುವ ಪದ, ಯಾವ ಮಗಳೂ ಅಪ್ಪನಿಗೆ ಅದನ್ನು ಅಂಟಿಸಲು ಒಪ್ಪಳು. ಮರೆವಿನ ಕಾಯಿಲೆ ಖಚಿತ ಎನ್ನುವುದು ಸುಳ್ಳು. ಶ್ರವಣದೋಷವನ್ನು ಮರೆವಿನ ಕಾಯಿಲೆಯ ಅಪಾಯದ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ಆಯೋಗ ಗುರುತಿಸಿದೆ, ನಿಜ. ಆದರೆ ಅಮೆರಿಕದಲ್ಲಿ ಮಿಷಿನ್ ಹಾಕಿಸಿ ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಚೀವ್ ಅಧ್ಯಯನದಲ್ಲಿ ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ವ್ಯತ್ಯಾಸ ಕಾಣಲಿಲ್ಲ, ಮೊದಲೇ ಹೆಚ್ಚು ಅಪಾಯದಲ್ಲಿದ್ದವರಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಕಡಿಮೆಯಾಯಿತು. ಇಷ್ಟು ಸೂಕ್ಷ್ಮವಾದ ವಿಷಯವನ್ನು ಹೆದರಿಸುವ ಒಂದು ಸಾಲಾಗಿ ಮಾಡಬಾರದು. ಮೂರನೆಯದು ‘ಸಂಪೂರ್ಣ ಪರಿಹಾರ’. ಮಿಷಿನ್ ಸದ್ದನ್ನು ತಲುಪಿಸುತ್ತದೆ, ಕಿವಿಯನ್ನು ವಾಸಿ ಮಾಡುವುದಿಲ್ಲ. ಮದ್ದಿನ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲಿ ಕಿವುಡುತನದ ಹೆಸರೂ ಇದೆ, ಗುಣಪಡಿಸುತ್ತೇವೆ ಎಂಬ ಮಾತಿನ ಹತ್ತಿರವೂ ಹೋಗಬೇಡಿ. ನಾಲ್ಕನೆಯದು, ಪರೀಕ್ಷೆಯೇ ಆಗದವರಿಗೆ ಮಾರಾಟದ ಮಾತು.

ಈಗ ಅದೇ ಜಾಗಕ್ಕೆ ಇದನ್ನು ಇಟ್ಟು ನೋಡಿ:

“ಹಬ್ಬಕ್ಕೆ ಎಲ್ಲರೂ ಸೇರಿದಾಗ ಅಪ್ಪ ಅಥವಾ ಅಮ್ಮ ಮಾತಿನ ನಡುವೆ ಸುಮ್ಮನೆ ಕೂತಿದ್ರಾ? ಟಿ.ವಿ. ಸದ್ದು ನಿಮಗೆ ಜೋರು ಅನ್ನಿಸ್ತಾ? ವಯಸ್ಸಾದ ಮೇಲೆ ಎಷ್ಟೋ ಜನರಿಗೆ ದನಿ ಕೇಳಿಸುತ್ತೆ, ಪದ ಬಿಡಿಯಾಗಿ ತಿಳಿಯಲ್ಲ. ಅವರು ಗಮನ ಕೊಡ್ತಿಲ್ಲ ಅಂತ ಅಲ್ಲ. ಕೆಲವು ಸಲ ಗುಗ್ಗೆ ತುಂಬಿರೋದೇ ಕಾರಣ ಇರಬಹುದು. ಸುಮಾರು ಒಂದು ಗಂಟೆಯ ಪರೀಕ್ಷೆಯಲ್ಲಿ ಕಾರಣ ಗೊತ್ತಾಗುತ್ತೆ. ಅವತ್ತೇ ಏನೂ ಕೊಳ್ಳಬೇಕಾಗಿಲ್ಲ. ಒಂದು ವೇಳೆ ಕಿವಿ ಇದ್ದಕ್ಕಿದ್ದ ಹಾಗೆ, ಮೂರು ದಿನದೊಳಗೆ ಮಂದ ಆಗಿದ್ರೆ ನಮಗೆ ಕಾಯಬೇಡಿ, ಇವತ್ತೇ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ.”

ಇದರ ಕೆಳಗೆ ಆಡಿಯಾಲಜಿಸ್ಟ್‌ ಹೆಸರು, ಅವರ ನೋಂದಣಿ ಸಂಖ್ಯೆ, ವಿಳಾಸ, ಕೊಂಡಿ. ಭಾರತೀಯ ಪುನರ್ವಸತಿ ಪರಿಷತ್ತು ಕೊಡುವ ನೋಂದಣಿ ಸಂಖ್ಯೆಯನ್ನು ಹಾಕಿದರೆ, ಪರೀಕ್ಷೆ ಮಾಡುವವರು ಓದಿದವರೋ ಬರೀ ಅಂಗಡಿಯವರೋ ಎಂಬ ಸಂಶಯ ಮಕ್ಕಳಿಗೆ ಬರುವುದಿಲ್ಲ. ವಿಳಾಸದಲ್ಲಿ ಮಹಡಿ, ಲಿಫ್ಟ್, ಮೆಟ್ರೊ ಇರಲಿ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದಮೇಲೆ ಅಲ್ಲಿಂದ ವಿಜಯನಗರಕ್ಕೆ ಒಂದೇ ರೈಲಿನಲ್ಲಿ ಬಂದಿಳಿಯಬಹುದು, ರಾಜಾಜಿನಗರಕ್ಕಾದರೆ ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಮಂಡಿನೋವಿನ ಅಮ್ಮನನ್ನು ಕರೆತರುವ ಮಗನಿಗೆ ಈ ಮಾಹಿತಿ ರಿಯಾಯಿತಿಗಿಂತ ದೊಡ್ಡದು.

ಇದ್ದಕ್ಕಿದ್ದಂತೆ ಮಂದವಾದ ಕಿವಿಯ ಸಾಲನ್ನು ಯಾವ ಸಂದೇಶದಿಂದಲೂ ತೆಗೆಯಬೇಡಿ. ಅಂಥ ಕಿವಿಗೆ ಬೇಗ ಔಷಧಿ ಶುರುವಾದರೆ ಮರಳಿ ಕೇಳಿಸುವ ಸಾಧ್ಯತೆ ಇರುತ್ತದೆ, ವಾರಗಳು ಕಳೆದಂತೆ ಅದು ಕೈತಪ್ಪುತ್ತದೆ. ಮಿಷಿನ್ನಿಗಾಗಿ ಮುಂದಿನ ಶನಿವಾರದ ಸಮಯ ಕೊಟ್ಟು ಕಾಯಿಸುವುದು ಅವರಿಗೆ ಮಾಡುವ ಅನ್ಯಾಯ.

ಎರಡನೆಯ ಸಂದೇಶ: ಅಜ್ಜಿ ಇರುವ ಗ್ರೂಪಿಗೆ

ಮೇಲಿನ ಸಂದೇಶವನ್ನು ಮಗಳು ದೊಡ್ಡ ಗ್ರೂಪಿಗೆ ಹಾಗೇ ಹಾಕಿಬಿಟ್ಟರೆ ಏನಾಗುತ್ತದೆ? ತಾತ ಅದನ್ನು ಬೀಗರು, ಸೊಸೆಯಂದಿರು, ಮೊಮ್ಮಕ್ಕಳ ಎದುರು ಓದುತ್ತಾರೆ. ಮಾತಿನಲ್ಲಿ ತಪ್ಪಿಲ್ಲದಿದ್ದರೂ ಎಲ್ಲರ ಕಣ್ಣು ತಮ್ಮ ಮೇಲೆ ಬಿತ್ತು ಅನ್ನಿಸುತ್ತದೆ. “ನಂಗೇನೂ ಆಗಿಲ್ಲ” ಎಂದು ಒಮ್ಮೆ ಎಲ್ಲರ ಮುಂದೆ ಹೇಳಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಕಷ್ಟ. ಆದ್ದರಿಂದ ಮಗಳಿಗೆ ಎರಡು ವಿಷಯ ಹೇಳಿಕೊಡಿ. ಮೊದಲು ಅಪ್ಪನ ಹತ್ತಿರ ಕೂತು, ಎದುರಿಗೇ, ಒಬ್ಬರೇ ಮಾತಾಡಿ. ಆಮೇಲೆ ಗ್ರೂಪಿಗೆ ಹಾಕುವುದಾದರೆ ಇಂಥದ್ದನ್ನು ಹಾಕಿ:

“ಈ ಭಾನುವಾರ ನಾನೂ ಅಮ್ಮನೂ ಅಪ್ಪನೂ ಕಿವಿ ಪರೀಕ್ಷೆ ಮಾಡಿಸ್ಕೋತಿದ್ದೀವಿ. ಕಣ್ಣಿಗೆ ವರ್ಷಕ್ಕೊಮ್ಮೆ ತೋರಿಸಿದ ಹಾಗೆ. ಆಮೇಲೆ ಅಲ್ಲೇ ದೋಸೆ ತಿಂದು ಬರ್ತೀವಿ.”

ಮೂವರೂ ನಿಜವಾಗಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ನೆಪವಾಗಬಾರದು. ಮಗಳದ್ದೂ ಅಮ್ಮನದ್ದೂ ಫಲಿತಾಂಶ ಪಕ್ಕದಲ್ಲಿದ್ದರೆ ಅಪ್ಪ ತಮ್ಮದನ್ನು ಹೋಲಿಸಿ ನೋಡಿಕೊಳ್ಳುತ್ತಾರೆ. ಯಾರೂ ಅವರಿಗೆ ವಾದಿಸಿ ಒಪ್ಪಿಸಬೇಕಾಗುವುದಿಲ್ಲ.

ಹಿರಿಯರು ತಾವೇ ನೋಡಲಿ ಎಂದು ನೀವು ವಿಡಿಯೊ ಮಾಡುವುದಾದರೆ ಅದು ನಲವತ್ತು ಸೆಕೆಂಡಿಗಿಂತ ಉದ್ದ ಬೇಡ. ಹಿನ್ನೆಲೆ ಸಂಗೀತ ಬೇಡವೇ ಬೇಡ, ಅದು ಮಾತನ್ನು ಮುಚ್ಚುತ್ತದೆ. ಮಾತಾಡುವವರ ಮುಖ ಪೂರ್ತಿ ಕಾಣಲಿ, ಏಕೆಂದರೆ ನೋಡುವ ಹಿರಿಯರು ಅರ್ಧ ಮಾತನ್ನು ತುಟಿಯಿಂದ ಓದುತ್ತಿರುತ್ತಾರೆ. ಆಡಿದ ಪ್ರತಿ ಪದ ದೊಡ್ಡ ಕನ್ನಡ ಅಕ್ಷರದಲ್ಲಿ ಕೆಳಗೆ ಬರಲಿ. ಕಡಿಮೆ ಕೇಳಿಸುವವರಿಗೆ ಬರಹವಿಲ್ಲದ ಧ್ವನಿ ಸಂದೇಶ ಕಳಿಸುವ ಕ್ಲಿನಿಕ್ ತನ್ನ ಕಸುಬನ್ನೇ ಮರೆತ ಹಾಗೆ.

ಒಂದು ಮನೆಯ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಂಡು ಕೊನೆಯವರೆಗೆ ನಡೆಯೋಣ. ವಿಜಯನಗರದಲ್ಲಿ ಅಪ್ಪ ಅಮ್ಮ. ಅಪ್ಪನಿಗೆ 74, ರಾಜಾಜಿನಗರದ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್ ಆಗಿದ್ದು ನಿವೃತ್ತರು. ಮಗಳು ಬಸವೇಶ್ವರನಗರದಲ್ಲಿ, ಮಗ ಕೆಂಗೇರಿ ಉಪನಗರದಲ್ಲಿ. ಯುಗಾದಿಯ ಎರಡನೆಯ ದಿನ ಸಂಜೆ ನಿಮ್ಮ ಸಂದೇಶ ಮಗಳಿಗೆ ಹೋಯಿತು. ರಾತ್ರಿ ಒಂಬತ್ತಕ್ಕೆ ಉತ್ತರ: “ನಮಸ್ತೆ, ಅಪ್ಪಂಗೆ ಸ್ವಲ್ಪ ಕಿವಿ ಕೇಳಿಸಲ್ಲ. ಮಿಷಿನ್ ಎಷ್ಟಾಗುತ್ತೆ?”

ಬೆಲೆಪಟ್ಟಿ ಕಳಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬೆಲೆ ಹೇಳದೆ ನುಣುಚಿಕೊಂಡರೆ ನಂಬಿಕೆ ಹೋಗುತ್ತದೆ. ಹೀಗೆ ಬರೆಯಿರಿ: “ನಮಸ್ತೆ ಮೇಡಂ. ಮಿಷಿನ್ ಕೆಲವು ಸಾವಿರದಿಂದ ಲಕ್ಷ ದಾಟೋವರೆಗೂ ಇದೆ. ನಿಮ್ಮ ತಂದೆಯವರಿಗೆ ಯಾವುದು ಬೇಕು, ಬೇಕೇ ಇಲ್ವಾ ಅನ್ನೋದು ಪರೀಕ್ಷೆ ಆದ ಮೇಲೇ ಹೇಳಕ್ಕಾಗೋದು. ನಾಲ್ಕು ವಿಷಯ ತಿಳಿಸ್ತೀರಾ? ಇದು ನಿಧಾನವಾಗಿ ಆಗಿದ್ದಾ, ಇದ್ದಕ್ಕಿದ್ದ ಹಾಗೆ ಆಗಿದ್ದಾ? ಎರಡೂ ಕಿವೀನಾ, ಒಂದೇನಾ? ಕಿವಿ ಸೋರೋದು, ನೋವು, ತಲೆ ಸುತ್ತು ಇದೆಯಾ? ಗದ್ದಲದ ಕಡೆ ಕೆಲಸ ಮಾಡಿದ್ರಾ?” ಒಂದೇ ಕಿವಿ ಎಂದರೂ, ಸೋರುತ್ತದೆ ಅಥವಾ ತಲೆ ಸುತ್ತುತ್ತದೆ ಎಂದರೂ ಮೊದಲು ಡಾಕ್ಟರು, ಆಮೇಲೆ ನಾವು. ಮನೆಯವರಿಗೆ ಹಣದ ತೊಂದರೆ ಇದೆ ಎಂದು ತಿಳಿದರೆ ಬಡತನ ರೇಖೆಗಿಂತ ಕೆಳಗಿನ 60 ದಾಟಿದವರಿಗೆ ಸಾಧನ ಕೊಡಲು 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನೂ, 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನೂ ನೀವೇ ತಿಳಿಸಿ.

ಭಾನುವಾರ ಮೂವರೂ ಬಂದರು. ಮೊದಲು ಕಿವಿಯೊಳಗೆ ಬೆಳಕು ಹಾಕಿ ನೋಡಿದಿರಿ, ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ತೆಗೆಸಿಯಾಯಿತು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಪರೀಕ್ಷೆ. ಬಲಗಿವಿಗೆ 500 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 1000ದಲ್ಲಿ 40, 2000ದಲ್ಲಿ 50, 4000ದಲ್ಲಿ 65 ಬಂತು ಎನ್ನೋಣ. ನಾಲ್ಕನ್ನೂ ಕೂಡಿದರೆ 185, ನಾಲ್ಕರಿಂದ ಭಾಗಿಸಿದರೆ ಸುಮಾರು 46. ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಲ್ಲಿ 35ರಿಂದ 50ರೊಳಗಿನದು ಮಧ್ಯಮ ದೋಷ. ಎಡಗಿವಿಯೂ ಹೆಚ್ಚುಕಡಿಮೆ ಹಾಗೇ ಇದೆ.

ಈ ಅಂಕಿಗಳನ್ನು ಮಗಳಿಗೆ ಓದಿ ಹೇಳಿ ಮುಗಿಸಬೇಡಿ. ಅಪ್ಪನ ಕಡೆ ತಿರುಗಿ ಹೇಳಿ: “ಸರ್, ನಿಮಗೆ ದನಿ ಚೆನ್ನಾಗಿ ಕೇಳಿಸುತ್ತೆ. ಹಾಲು ಸಾಲು ಬೇರೆ ಮಾಡೋ ಸದ್ದು ಮಾತ್ರ ಬರ್ತಿಲ್ಲ. ಪ್ರೆಸ್ ಹತ್ರ ಇದ್ರಲ್ಲ, ಅದರದ್ದೂ ಪಾಲಿದೆ.” ಇಲ್ಲಿಯವರೆಗೆ ಮಾತೆಲ್ಲ ಮಕ್ಕಳ ಜೊತೆ ನಡೆದಿತ್ತು. ಕ್ಲಿನಿಕ್ಕಿನ ಬಾಗಿಲು ದಾಟಿದ ಮೇಲೆ ಅದು ಹಿರಿಯರ ಜೊತೆ ನಡೆಯಬೇಕು. ಮಗಳು ನಡುವೆ ಉತ್ತರಿಸಿದರೂ ನಿಮ್ಮ ಕಣ್ಣು ಅಪ್ಪನ ಮೇಲೇ ಇರಲಿ. ಮಿಷಿನ್ ಧರಿಸಬೇಕಾದವರು ಅವರು.

ಒಂದು ವಾರ ಮನೆಗೆ ಒಯ್ದು ಧರಿಸಿ ನೋಡಲು ಕೊಟ್ಟಿರಿ. ಈ ವಾರದಲ್ಲಿ ಕುಟುಂಬದ ಗ್ರೂಪು ನಿಜವಾಗಿ ಕೆಲಸಕ್ಕೆ ಬರುತ್ತದೆ. ಮೊದಲ ದಿನಗಳಲ್ಲಿ ತಟ್ಟೆ ಸದ್ದು ಚುಚ್ಚಿದಂತೆ, ಕುಕ್ಕರ್ ಸೀಟಿ ತಲೆಗೆ ಹೊಡೆದಂತೆ, ತಮ್ಮ ದನಿಯೇ ಬಿಂದಿಗೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಎರಡನೆಯ ದಿನ ಮಿಷಿನ್ ಡಬ್ಬಿಗೆ, ಡಬ್ಬಿ ಬೀರುವಿಗೆ. ಮೊದಲು ಮನೆಯೊಳಗೆ ದಿನಕ್ಕೆ ಮೂರು ನಾಲ್ಕು ಗಂಟೆ, ಒಬ್ಬರೊಡನೆ ಮಾತು. ಆಮೇಲೆ ಟಿ.ವಿ., ಆಮೇಲೆ ಸಂತೆ, ಮದುವೆ ಮನೆ. ಮಕ್ಕಳ ಗ್ರೂಪಿಗೆ ಇದನ್ನು ಬರೆದು ಕಳಿಸಿ. ದೊಡ್ಡ ಗ್ರೂಪಿಗೆ ಬೇರೆ ಕೆಲಸ ಕೊಡಿ: ದಿನಕ್ಕೊಬ್ಬ ಮೊಮ್ಮಗ ಅಥವಾ ಮೊಮ್ಮಗಳು ಹದಿನೈದು ಸೆಕೆಂಡಿನ ಧ್ವನಿ ಸಂದೇಶ ಹಾಕಲಿ, ತಾತ ಕೇಳಿ ಏನು ಕೇಳಿಸಿತೆಂದು ಬರೆಯಲಿ. ಸೋಮವಾರ ಮೊಮ್ಮಗಳು “ತಾತಾ, ಶನಿವಾರ ಸ್ಕೂಲಲ್ಲಿ ಹಾಡು” ಎಂದು ಹೇಳಿದ್ದು ತಾತನಿಗೆ ‘ಜಾಡು’ ಎಂದು ಕೇಳಿಸಿದರೆ, ವಾರದ ಕೊನೆಗೆ ಆ ಬರಹವನ್ನೇ ನಿಮಗೆ ತೋರಿಸಲಿ. ಯಾವ ಸದ್ದು ಇನ್ನೂ ತಪ್ಪುತ್ತಿದೆ ಎಂದು ಹುಡುಕಿ ಮಿಷಿನ್ನನ್ನು ಹೊಂದಿಸಲು ಅದು ನಿಮಗೆ ಒಳ್ಳೆಯ ಸುಳಿವು.

ಎಲ್ಲಿ ತಪ್ಪುತ್ತದೆ, ಹೇಗೆ ಗೊತ್ತಾಗುತ್ತದೆ

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಕಳಿಸಿದ್ದು, ಉತ್ತರಿಸಿದ್ದು, ಪರೀಕ್ಷೆಗೆ ಬಂದದ್ದು, ಮನೆಗೆ ಒಯ್ದದ್ದು, ಮೂರು ತಿಂಗಳ ಮೇಲೂ ಧರಿಸುತ್ತಿರುವುದು. ಎಲ್ಲಿ ಸಂಖ್ಯೆ ಥಟ್ಟನೆ ಕುಸಿಯುತ್ತದೋ ತಪ್ಪು ಅಲ್ಲೇ ಇದೆ.

ಕಳಿಸಿದ್ದರ ಮುಂದೆ ಎರಡು ಗೆರೆಯೂ ಬಿದ್ದಿಲ್ಲದಿದ್ದರೆ ನಂಬರು ಸೇವ್ ಆಗಿರಲಿಕ್ಕಿಲ್ಲ. ಓದಿಯೂ ಉತ್ತರವಿಲ್ಲದಿದ್ದರೆ ಸಂದೇಶದ ಮೊದಲ ಸಾಲು ಅವರ ಮನೆಯದಾಗಿ ಕಾಣಲಿಲ್ಲ. ಮಗಳು ಹತ್ತು ಪ್ರಶ್ನೆ ಕೇಳಿ, ಸಮಯ ಪಡೆದು, ಆ ದಿನ ಬರಲಿಲ್ಲ ಎಂದರೆ ಹೆಚ್ಚಿನ ಸಲ ಅಪ್ಪ ಒಪ್ಪಿಲ್ಲ. ಅಂಥವರಿಗೆ ಮತ್ತೆ ನೆನಪೋಲೆ ಕಳಿಸಿ ಒತ್ತಾಯ ಮಾಡುವುದರ ಬದಲು “ಅಪ್ಪನಿಗೆ ಹೇಗೆ ಹೇಳಿದ್ರಿ?” ಎಂದು ಒಮ್ಮೆ ಫೋನ್ ಮಾಡಿ ಕೇಳಿ. ಎಲ್ಲರ ಎದುರು ಗ್ರೂಪಿನಲ್ಲಿ ಹಾಕಿದೆವು ಎನ್ನುವ ಉತ್ತರ ಬಂದರೆ ನಿಮಗೆ ಕಾರಣ ಸಿಕ್ಕಿತು.

ಕೊನೆಯ ಕಾಲಂ ಎಲ್ಲಕ್ಕಿಂತ ದೊಡ್ಡದು. ಇಂದಿನ ಹೆಚ್ಚಿನ ಡಿಜಿಟಲ್ ಮಿಷಿನ್‌ಗಳು ದಿನಕ್ಕೆ ಎಷ್ಟು ಗಂಟೆ ಚಾಲೂ ಇದ್ದವು ಎಂದು ತಾವೇ ಬರೆದಿಟ್ಟುಕೊಳ್ಳುತ್ತವೆ, ಕಂಪ್ಯೂಟರಿಗೆ ಜೋಡಿಸಿದರೆ ಕಾಣುತ್ತದೆ. ಮಗ “ಹಾಕ್ಕೋತಾರೆ ಸರ್” ಎನ್ನುತ್ತಾನೆ, ಮಿಷಿನ್ ದಿನಕ್ಕೆ ಅರ್ಧ ಗಂಟೆ ಎನ್ನುತ್ತದೆ. ಆಗ ಹಿರಿಯರನ್ನು ಬೈಯುವ ಮಾತಿಲ್ಲ. ಅಚ್ಚು ಒತ್ತುತ್ತಿದೆಯೇ, ಸೀಟಿ ಹೊಡೆಯುತ್ತಿದೆಯೇ, ಬೆರಳಿಗೆ ಸಣ್ಣ ಬ್ಯಾಟರಿ ಸಿಗುತ್ತಿಲ್ಲವೇ ಎಂದು ಒಂದೊಂದಾಗಿ ನೋಡಿ. ಮಿಷಿನ್ ಹಾಕಿಕೊಂಡ ತಾತನ ನಗುವ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ, ಮಗ ಒಪ್ಪಿದರೂ ಸಾಲದು.

ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವನ್ನು ಕೇಳಿದ ಮೇಲೆ ಅದರ ಪಕ್ಕದ ಮೈಕಿನ ಗುರುತು ನೀಲಿಯಾಗುತ್ತದೆ. ಓದಿದ್ದನ್ನು ತೋರಿಸುವ ನೀಲಿ ಗೆರೆಯನ್ನು ನಾವು ಬೇಕಾದರೆ ಮುಚ್ಚಿಡಬಹುದು, ಇದನ್ನು ಮುಚ್ಚಲಾಗದು. ಕಿವಿ ಮಂದವಾದವರು ಬಹಳ ಸಲ ಮೊಮ್ಮಕ್ಕಳ ಧ್ವನಿ ಸಂದೇಶವನ್ನು ತೆರೆಯುವುದೇ ಇಲ್ಲ, ಅದಕ್ಕೊಂದು ಕೈಮುಗಿಯುವ ಗುರುತು ಹಾಕಿ ಸುಮ್ಮನಾಗುತ್ತಾರೆ. ಮೂರು ತಿಂಗಳ ಭೇಟಿಗೆ ಬಂದ ಮಗಳು “ಅಪ್ಪ ಈಗ ಪಾಪು ಹಾಕಿದ್ದನ್ನೆಲ್ಲ ಕೇಳ್ತಾರೆ, ಗುರುತು ನೀಲಿ ಆಗಿರುತ್ತೆ” ಎಂದು ಹೇಳಿದರೆ, ನಿಮ್ಮ ಐದನೆಯ ಕಾಲಂನಲ್ಲಿ ಆ ಮನೆಯ ಮುಂದೆ ಒಂದು ಗೆರೆ ಎಳೆಯಿರಿ. ಅಲ್ಲಿಯವರೆಗೆ ಆ ಮನೆಯ ಕೆಲಸ ಮುಗಿದಿಲ್ಲ.